ಬಾಡಿಗೆ ರಸೀದಿಯ ಹಿಂದಿನ ಲೆಕ್ಕ

ಜನವರಿ ಬಂತೆಂದರೆ ಬೆಂಗಳೂರಿನ ಕಚೇರಿಗಳ ಪೇರೋಲ್ ವಿಭಾಗಗಳಿಂದ ಒಂದೇ ಧಾಟಿಯ ಇಮೇಲ್ ಹೊರಡುತ್ತದೆ. ಬಾಡಿಗೆ ಮತ್ತು ಹೂಡಿಕೆಯ ದಾಖಲೆಗಳನ್ನು ಇಂಥ ತಾರೀಖಿನೊಳಗೆ ಸಲ್ಲಿಸಿ, ಇಲ್ಲದಿದ್ದರೆ ಉಳಿದ ತಿಂಗಳುಗಳ ಸಂಬಳದಲ್ಲಿ ತೆರಿಗೆ ಮುರಿದುಕೊಳ್ಳಲಾಗುವುದು. ಆ ವಾರ ಸ್ಟೇಷನರಿ ಅಂಗಡಿಯಲ್ಲಿ ರಸೀದಿ ಪುಸ್ತಕಕ್ಕೂ ಅಂಚೆ ಕಚೇರಿಯಲ್ಲಿ ರೆವಿನ್ಯೂ ಸ್ಟಾಂಪಿಗೂ ಕೇಳುವವರು ಹೆಚ್ಚು. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಹನ್ನೆರಡು ರಸೀದಿಗಳು ಒಂದೇ ಸಂಜೆ, ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ಸಿದ್ಧವಾಗುತ್ತವೆ. ಮಾರ್ಚ್ ತಿಂಗಳ ರಸೀದಿಗೂ ಜನವರಿಯಲ್ಲೇ ಸಹಿ ಬಿದ್ದಿರುತ್ತದೆ.

ಮನೆ ಬಾಡಿಗೆ ಭತ್ಯೆ, ಎಲ್ಲರ ಬಾಯಲ್ಲಿ ಎಚ್‌ಆರ್‌ಎ, ರಸೀದಿಯಿಂದಲೇ ಸಿಗುತ್ತದೆ ಎಂಬ ನಂಬಿಕೆ ಈ ಓಡಾಟಕ್ಕೆಲ್ಲ ಮೂಲ. ಆದರೆ ವಿನಾಯಿತಿ ಕೊಡುವುದು ರಸೀದಿಯಲ್ಲ. ನಿಜವಾಗಿ ಬಾಡಿಗೆ ಕೊಟ್ಟು, ಆ ಮನೆಯಲ್ಲಿ ವಾಸವಿದ್ದುದು ಅದನ್ನು ಕೊಡುತ್ತದೆ. ರಸೀದಿ ಅದಕ್ಕೊಂದು ಸಾಕ್ಷಿ, ಅದೂ ಸುಲಭವಾಗಿ ಬರೆದುಕೊಳ್ಳಬಹುದಾದ ಸಾಕ್ಷಿಯಾದ್ದರಿಂದ ಇರುವವುಗಳಲ್ಲಿ ದುರ್ಬಲವಾದದ್ದು. ಬ್ಯಾಂಕ್ ಖಾತೆಯಿಂದ ಹೋದ ಹಣ, ಮಾಲೀಕರ ಪಾನ್ ಸಂಖ್ಯೆ, ಅವರ ರಿಟರ್ನ್‌ನಲ್ಲಿ ಕಾಣಿಸಿದ ಬಾಡಿಗೆ ಆದಾಯ ಇವು ಅದಕ್ಕಿಂತ ಗಟ್ಟಿ. ಇವೆಲ್ಲ ಒಂದಕ್ಕೊಂದು ಹೊಂದಿದರೆ ಕ್ಲೇಮು ನಿಲ್ಲುತ್ತದೆ, ಹೊಂದದಿದ್ದರೆ ಎಷ್ಟು ಚೆಂದದ ರಸೀದಿಯೂ ಅದನ್ನು ಉಳಿಸುವುದಿಲ್ಲ. 2025-26ರ ಹಣಕಾಸು ವರ್ಷವನ್ನು ಮುಂದಿಟ್ಟುಕೊಂಡು ಈ ಲೆಕ್ಕವನ್ನು ಮೊದಲಿನಿಂದ ನೋಡಬಹುದು.

ರಸೀದಿಗಿಂತ ಮೊದಲು ಪದ್ಧತಿ

ಮೊದಲು ತೀರ್ಮಾನವಾಗಬೇಕಾದದ್ದು ಎಚ್‌ಆರ್‌ಎ ಕ್ಲೇಮು ಮಾಡುವುದರಿಂದ ಲಾಭವಿದೆಯೇ ಎಂಬುದು. ಈ ವಿನಾಯಿತಿ 1961ರ ಆದಾಯ ತೆರಿಗೆ ಕಾಯ್ದೆಯ 10(13ಎ) ಕಲಮಿನಲ್ಲಿದೆ. ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. 2023-24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ, ಹಳೆಯದು ಬೇಕೆಂದವರು ಕೇಳಿ ಪಡೆಯಬೇಕು. ಹಾಗಾಗಿ ಕಚೇರಿಗೆ ಪದ್ಧತಿ ತಿಳಿಸದೆ ಸುಮ್ಮನಿದ್ದ ಉದ್ಯೋಗಿ ಹನ್ನೆರಡು ರಸೀದಿ ಕೊಟ್ಟರೂ ಪೇರೋಲ್ ಅದನ್ನು ಪರಿಗಣಿಸುವುದಿಲ್ಲ.

2025-26ಕ್ಕೆ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ರಿಬೇಟ್‌ನಿಂದಾಗಿ ತೆರಿಗೆಯೇ ಇಲ್ಲ. ಸಂಬಳದಾರರಿಗೆ 75,000 ರೂ. ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿದರೆ ಮಿತಿ 12.75 ಲಕ್ಷಕ್ಕೆ ಏರುತ್ತದೆ. ಸಂಬಳ ಇದರೊಳಗಿದ್ದು ಬೇರೆ ಆದಾಯ ಇಲ್ಲದವರಿಗೆ ಬಾಡಿಗೆ ರಸೀದಿಯಿಂದ ಉಳಿಯುವುದು ಏನೂ ಇಲ್ಲ. ಅದಕ್ಕಿಂತ ಹೆಚ್ಚು ಸಂಬಳದವರು ಲೆಕ್ಕ ಹಾಕಿಯೇ ನೋಡಬೇಕು.

ವಿಜಯನಗರದಲ್ಲಿ ಬಾಡಿಗೆಗಿರುವ, ವರ್ಷಕ್ಕೆ 15 ಲಕ್ಷ ಸಂಬಳದ ಒಬ್ಬ ಉದ್ಯೋಗಿಯನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳಬಹುದು. ತಿಂಗಳ ಮೂಲ ವೇತನ, ಅಂದರೆ ಬೇಸಿಕ್, 62,500 ರೂ. ಕಂಪನಿ ಕೊಡುವ ಎಚ್‌ಆರ್‌ಎ 25,000 ರೂ. ಕಟ್ಟುವ ಬಾಡಿಗೆ 30,000 ರೂ. ತುಟ್ಟಿಭತ್ಯೆ ಇಲ್ಲ.

ಮೂರು ಮೊತ್ತ, ಒಂದು ಉತ್ತರ

ನಿಯಮ 2ಎ ಪ್ರಕಾರ ಮೂರು ಮೊತ್ತಗಳನ್ನು ಬರೆದುಕೊಳ್ಳಬೇಕು. ಅವುಗಳಲ್ಲಿ ಎಲ್ಲಕ್ಕಿಂತ ಕಡಿಮೆ ಇರುವುದಷ್ಟೇ ತೆರಿಗೆಯಿಂದ ಹೊರಗೆ. ಮೊದಲನೆಯದು ಕಂಪನಿ ಕೊಟ್ಟ ಎಚ್‌ಆರ್‌ಎ, ಇಲ್ಲಿ 25,000. ಎರಡನೆಯದು ಕಟ್ಟಿದ ಬಾಡಿಗೆಯಲ್ಲಿ ವೇತನದ ಶೇ. 10ನ್ನು ಕಳೆದು ಉಳಿದದ್ದು. 30,000ದಲ್ಲಿ 6,250 ಕಳೆದರೆ 23,750. ಮೂರನೆಯದು ಊರಿನ ಮಿತಿ: ಮನೆ ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಯಲ್ಲಿದ್ದರೆ ವೇತನದ ಶೇ. 50, ಉಳಿದೆಡೆ ಶೇ. 40. 2025-26ರ ಲೆಕ್ಕದಲ್ಲಿ ಬೆಂಗಳೂರು ಶೇ. 40ರ ಗುಂಪಿನಲ್ಲೇ ಇದೆ, ಆದ್ದರಿಂದ 25,000. ಮೂರರಲ್ಲಿ ಸಣ್ಣದು 23,750. ವರ್ಷಕ್ಕೆ 2,85,000 ರೂ. ವಿನಾಯಿತಿ, ಉಳಿದ 15,000 ರೂ. ಭತ್ಯೆಗೆ ತೆರಿಗೆ.

ಇಲ್ಲಿ ‘ವೇತನ’ ಎಂದರೆ ಕೈಗೆ ಬರುವ ಸಂಬಳವೂ ಅಲ್ಲ, ಸಿಟಿಸಿಯೂ ಅಲ್ಲ. ಮೂಲ ವೇತನ, ನಿವೃತ್ತಿ ಸೌಲಭ್ಯಕ್ಕೆ ಲೆಕ್ಕಕ್ಕೆ ಬರುವ ತುಟ್ಟಿಭತ್ಯೆ, ವಹಿವಾಟಿನ ಮೇಲೆ ನಿಗದಿತ ಶೇಕಡಾವಾರು ಸಿಗುವ ಕಮಿಷನ್ ಇವಿಷ್ಟೇ. ಸರ್ಕಾರಿ ನೌಕರರಲ್ಲಿ ತುಟ್ಟಿಭತ್ಯೆ ಸೇರುವುದರಿಂದ ‘ಶೇ. 10’ ದೊಡ್ಡದಾಗಿ, ವಿನಾಯಿತಿ ಅಷ್ಟರಮಟ್ಟಿಗೆ ಕುಗ್ಗುತ್ತದೆ.

ಬೆಂಗಳೂರಿಗೆ ಶೇ. 50 ಯಾಕಿಲ್ಲ ಎಂಬ ದೂರು ಬಹಳ ಹಳೆಯದು. ದೂರಿನಲ್ಲಿ ನ್ಯಾಯವಿದ್ದರೂ ಎಲ್ಲರಿಗೂ ಅದರಿಂದ ಲಾಭವಾಗುವುದಿಲ್ಲ. ಮೇಲಿನ ಉದ್ಯೋಗಿ ಚೆನ್ನೈಯಲ್ಲಿದ್ದರೂ ಮೂರನೆಯ ಮೊತ್ತ 31,250ಕ್ಕೆ ಏರುತ್ತಿತ್ತೇ ಹೊರತು ಉತ್ತರ 23,750 ಆಗಿಯೇ ಇರುತ್ತಿತ್ತು. ಊರಿನ ಮಿತಿ ಅಡ್ಡ ಬರುವುದು ಬಾಡಿಗೆ ಮೂಲ ವೇತನದ ಅರ್ಧಕ್ಕಿಂತ ಹೆಚ್ಚಿದ್ದು, ಕಂಪನಿ ಕೊಡುವ ಎಚ್‌ಆರ್‌ಎಯೂ ಶೇ. 40 ದಾಟಿದ್ದಾಗ ಮಾತ್ರ.

ಈಗ ಪದ್ಧತಿಗಳ ಹೋಲಿಕೆ. ಇದೇ ಉದ್ಯೋಗಿ ಹೊಸ ಪದ್ಧತಿಯಲ್ಲಿದ್ದರೆ 75,000 ಕಳೆದು 14,25,000ಕ್ಕೆ ತೆರಿಗೆ, ಸೆಸ್ ಸೇರಿ 97,500 ರೂ. ಹಳೆಯದರಲ್ಲಿ ಎಚ್‌ಆರ್‌ಎಯ 2,85,000ದ ಜೊತೆ 80ಸಿ ಅಡಿ 1.5 ಲಕ್ಷ, ಎನ್‌ಪಿಎಸ್‌ಗೆ 50,000, ಆರೋಗ್ಯ ವಿಮೆಗೆ 25,000, ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ವೃತ್ತಿ ತೆರಿಗೆ 2,500 ಎಲ್ಲವನ್ನೂ ಕಳೆದರೆ ಉಳಿಯುವುದು 9,37,500. ಅದಕ್ಕೆ ತೆರಿಗೆ 1,04,000 ರೂ. ಇಷ್ಟೆಲ್ಲ ದಾಖಲೆ ಕೂಡಿಟ್ಟೂ ಹೊಸ ಪದ್ಧತಿಗಿಂತ 6,500 ರೂ. ಹೆಚ್ಚು! ಆದರೆ ಅದೇ ಉದ್ಯೋಗಿ 60 ದಾಟಿದ ಅಪ್ಪ ಅಮ್ಮನ ಆರೋಗ್ಯ ವಿಮೆಗೆ 50,000 ಕಟ್ಟುತ್ತಿದ್ದರೆ ತಕ್ಕಡಿ ತಿರುಗುತ್ತದೆ. ಹಳೆಯ ಪದ್ಧತಿಯ ತೆರಿಗೆ 93,600ಕ್ಕೆ ಇಳಿದು 3,900 ರೂ. ಉಳಿಯುತ್ತದೆ. ಎಚ್‌ಆರ್‌ಎ ಒಂದರಿಂದಲೇ ಹಳೆಯ ಪದ್ಧತಿ ಗೆಲ್ಲುವುದು ಈಗ ಅಪರೂಪ. ಗೃಹಸಾಲದ ಬಡ್ಡಿಯೋ ತಂದೆತಾಯಿಯ ವಿಮೆಯೋ ಜೊತೆಗೂಡಬೇಕು.

ವ್ಯಾಪಾರ, ವೃತ್ತಿಯ ಆದಾಯವಿಲ್ಲದ ಸಂಬಳದಾರರು ಪದ್ಧತಿಯನ್ನು ಪ್ರತಿವರ್ಷ ಬದಲಿಸಬಹುದು. ಕಚೇರಿಗೆ ಹೊಸದೆಂದು ಹೇಳಿದ್ದವರು ರಿಟರ್ನ್ ಸಲ್ಲಿಸುವಾಗ ಹಳೆಯದಕ್ಕೆ ಹೋಗುವುದಕ್ಕೂ ಅಡ್ಡಿಯಿಲ್ಲ. ಒಂದೇ ಷರತ್ತು, ರಿಟರ್ನ್ ಗಡುವಿನೊಳಗೆ, ಸಾಮಾನ್ಯವಾಗಿ ಜುಲೈ 31ರೊಳಗೆ, ಹೋಗಿರಬೇಕು. ತಡವಾದ ರಿಟರ್ನ್‌ನಲ್ಲಿ ಹಳೆಯ ಪದ್ಧತಿಯ ಬಾಗಿಲು ಮುಚ್ಚಿರುತ್ತದೆ, ಅದರೊಂದಿಗೆ ಎಚ್‌ಆರ್‌ಎಯೂ ಹೋಯಿತು.

ತಿಂಗಳ ಲೆಕ್ಕ, ಮನೆಯ ಬಗೆ

ವರ್ಷದ ನಡುವೆ ಬೇಸಿಕ್, ಬಾಡಿಗೆ ಅಥವಾ ಊರು ಬದಲಾದರೆ ಮೇಲಿನ ಮೂರು ಮೊತ್ತಗಳನ್ನು ಆಯಾ ಅವಧಿಗೆ ಬೇರೆಬೇರೆ ಹಾಕಬೇಕು. ಮನೆ ಖಾಲಿ ಮಾಡಿ ಮೂರು ತಿಂಗಳು ಊರಿನಿಂದ ಕೆಲಸ ಮಾಡಿದವರಿಗೆ ಆ ಮೂರು ತಿಂಗಳು ಬಾಡಿಗೆ ಸೊನ್ನೆ, ಆದ್ದರಿಂದ ಆ ತಿಂಗಳುಗಳ ಎಚ್‌ಆರ್‌ಎ ಪೂರ್ತಿ ತೆರಿಗೆಗೆ ಒಳಪಡುತ್ತದೆ. ಜನವರಿಯಲ್ಲಿ ಒಟ್ಟಿಗೆ ಬರೆದ ಹನ್ನೆರಡು ರಸೀದಿಗಳು ಮೊದಲು ಸುಳ್ಳಾಗುವುದು ಇಲ್ಲಿಯೇ. ಫೆಬ್ರುವರಿಯಲ್ಲಿ ಮನೆ ಬದಲಿಸಿದವರ ಹೆಸರಿನಲ್ಲಿ ಹಳೆಯ ಮನೆಯ ಮಾರ್ಚ್ ರಸೀದಿ ಕಡತದಲ್ಲಿ ಕೂತಿರುತ್ತದೆ.

ಕರ್ನಾಟಕದಲ್ಲಿ ಎದುರಾಗುವ ಇನ್ನೊಂದು ತೊಡಕು ಲೀಸಿನ ಮನೆ, ಅಂದರೆ ಭೋಗ್ಯದ ಮನೆ. ಮಾಲೀಕರಿಗೆ ಹತ್ತು ಹದಿನೈದು ಲಕ್ಷದ ಇಡಿಗಂಟು ಕೊಟ್ಟು ತಿಂಗಳ ಬಾಡಿಗೆ ಇಲ್ಲದೆ ವಾಸ, ಬಿಡುವಾಗ ಹಣ ವಾಪಸು. ಕೈಯಿಂದ ದೊಡ್ಡ ಮೊತ್ತ ಹೋಗಿದ್ದರೂ ಬಾಡಿಗೆಯೆಂದು ಖರ್ಚಾದದ್ದು ಏನೂ ಇಲ್ಲ, ಆದ್ದರಿಂದ ವಿನಾಯಿತಿಯೂ ಇಲ್ಲ. ಇಡಿಗಂಟಿನ ಬಡ್ಡಿಯನ್ನು ಬಾಡಿಗೆಯೆಂದು ತೋರಿಸಿ ರಸೀದಿ ಬರೆಸಿಕೊಳ್ಳುವುದು ತಪ್ಪು ಕ್ಲೇಮು. ಮಾಮೂಲಿ ಬಾಡಿಗೆ ಮನೆಗೆ ಕೊಟ್ಟ ಅಡ್ವಾನ್ಸ್ ಕೂಡ ಬಾಡಿಗೆಯಲ್ಲ. ಆದರೆ ಮನೆ ಬಿಡುವ ಮುನ್ನ ಕೊನೆಯ ಎರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ವಜಾ ಮಾಡಿಕೊಂಡರೆ ಆ ಮೊತ್ತ ಬಾಡಿಗೆಯಾಗುತ್ತದೆ. ಬ್ಯಾಂಕಿನಲ್ಲಿ ಅದರ ಗುರುತು ಇರುವುದಿಲ್ಲವಾದ್ದರಿಂದ ‘ಇಂಥ ತಿಂಗಳ ಬಾಡಿಗೆ ಅಡ್ವಾನ್ಸಿನಲ್ಲಿ ಹೊಂದಿಸಲಾಗಿದೆ’ ಎಂದು ಮಾಲೀಕರಿಂದ ಬರೆಸಿಕೊಳ್ಳುವುದು ಅಗತ್ಯ. ಕರೆಂಟು, ನೀರು, ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ಇವು ಬಾಡಿಗೆಯ ಲೆಕ್ಕಕ್ಕೆ ಬರುವುದಿಲ್ಲ. ಪಿಜಿಯಲ್ಲಿ ಇರುವವರೂ ಕ್ಲೇಮು ಮಾಡಬಹುದು, ಆದರೆ ಊಟ ತಿಂಡಿಯ ಹಣ ಬಿಟ್ಟು ವಾಸದ ಪಾಲಿಗೆ ಮಾತ್ರ. ರಸೀದಿಯಲ್ಲಿ ಎರಡನ್ನೂ ಬೇರೆಬೇರೆ ಬರೆಸಬೇಕು.

ಮೂವರು ಸ್ನೇಹಿತರು ಒಂದು ಮನೆ ಹಂಚಿಕೊಂಡಾಗ ಒಬ್ಬರ ಹೆಸರಿನಲ್ಲಿ ಕರಾರು, ಒಬ್ಬರ ಖಾತೆಯಿಂದ ಪೂರ್ತಿ ಬಾಡಿಗೆ, ಮೂವರದ್ದೂ ಕ್ಲೇಮು ಎಂಬ ಸ್ಥಿತಿ ಸಾಮಾನ್ಯ. ಮೂರು ಕ್ಲೇಮುಗಳ ಮೊತ್ತ ಮನೆಯ ಬಾಡಿಗೆಯನ್ನು ಮೀರಬಾರದು. ಕರಾರಿನಲ್ಲಿ ಮೂವರ ಹೆಸರೂ ಇದ್ದು, ಪ್ರತಿಯೊಬ್ಬರೂ ತಮ್ಮ ಪಾಲನ್ನು ನೇರವಾಗಿ ಮಾಲೀಕರ ಖಾತೆಗೆ ಹಾಕಿ, ತಮ್ಮ ಹೆಸರಿನಲ್ಲೇ ರಸೀದಿ ಪಡೆದರೆ ಗೊಂದಲವಿಲ್ಲ.

ರಸೀದಿಯಲ್ಲಿ ಏನಿರಬೇಕು

ಇಲಾಖೆ ರಸೀದಿಗೆ ಒಂದು ಕಡ್ಡಾಯ ನಮೂನೆ ಕೊಟ್ಟಿಲ್ಲ. ಆದರೆ ಪೇರೋಲ್ ವಿಭಾಗ ವಾಪಸು ಕಳಿಸದ ರಸೀದಿ ಹೀಗಿರುತ್ತದೆ: ಮೇಲೆ ಹಣ ಸಂದ ತಾರೀಖು, ನಂತರ ಬಾಡಿಗೆದಾರರ ಪೂರ್ಣ ಹೆಸರು, ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ, ಯಾವ ತಿಂಗಳ ಬಾಡಿಗೆ ಎಂಬುದು, ಮನೆ ಸಂಖ್ಯೆ, ಮಹಡಿ, ಅಡ್ಡರಸ್ತೆ, ಪಿನ್‌ಕೋಡ್ ಸಹಿತ ಬಾಡಿಗೆ ಮನೆಯ ವಿಳಾಸ, ಹಣ ಬಂದ ದಾರಿ, ಯುಪಿಐ ಅಥವಾ ನೆಫ್ಟ್ ಆದರೆ ಅದರ ಉಲ್ಲೇಖ ಸಂಖ್ಯೆ, ಕೊನೆಯಲ್ಲಿ ಮಾಲೀಕರ ಹೆಸರು, ವಿಳಾಸ, ಪಾನ್ ಮತ್ತು ಸಹಿ. ಬಾಡಿಗೆ ಮನೆಯ ವಿಳಾಸವನ್ನೇ ಮಾಲೀಕರ ವಿಳಾಸವೆಂದು ಬರೆಯುವ ತಪ್ಪು ಬಹಳ ಸಲ ಆಗುತ್ತದೆ. ಮಾಲೀಕರು ಅದೇ ಕಟ್ಟಡದ ಕೆಳಮನೆಯಲ್ಲಿ ಇಲ್ಲದಿದ್ದರೆ ಎರಡೂ ಬೇರೆಬೇರೆ ಇರಬೇಕು.

5,000 ರೂ.ಗಿಂತ ಹೆಚ್ಚು ಬಾಡಿಗೆಯನ್ನು ನಗದಾಗಿ ಕೊಟ್ಟರೆ ರಸೀದಿಗೆ 1 ರೂ. ರೆವಿನ್ಯೂ ಸ್ಟಾಂಪು ಅಂಟಿಸಿ, ಮಾಲೀಕರು ಅದರ ಮೇಲೆ ಹಾದುಹೋಗುವಂತೆ ಸಹಿ ಮಾಡಬೇಕು. ನಗದು ಕೊಡುವುದು ಕಾನೂನುಬಾಹಿರವಲ್ಲ, ಆದರೆ ಕೊಟ್ಟಿದ್ದೇವೆಂದು ತೋರಿಸುವ ಹೊಣೆ ಬಾಡಿಗೆದಾರರದ್ದು. ಪ್ರತಿ ತಿಂಗಳೂ ಬಾಡಿಗೆಗೆ ಹತ್ತಿರದ ಮೊತ್ತ ಎಟಿಎಂನಿಂದ ತೆಗೆದದ್ದಾದರೂ ಪಾಸ್‌ಬುಕ್ಕಿನಲ್ಲಿ ಕಾಣದಿದ್ದರೆ ರಸೀದಿಯ ಬೆಲೆ ಇನ್ನಷ್ಟು ಕಡಿಮೆಯಾಗುತ್ತದೆ. ತಿಂಗಳಿಗೆ 3,000 ರೂ.ವರೆಗೆ ಎಚ್‌ಆರ್‌ಎ ಪಡೆಯುವವರು ಕಚೇರಿಗೆ ರಸೀದಿ ಕೊಡಬೇಕಿಲ್ಲ ಎಂಬ ರಿಯಾಯಿತಿಯೊಂದಿದೆ. 3,000 ಎನ್ನುವುದು ಪಡೆವ ಭತ್ಯೆಯ ಮಿತಿ, ಕಟ್ಟುವ ಬಾಡಿಗೆಯದ್ದಲ್ಲ. ಅಂಥವರನ್ನೂ ತೆರಿಗೆ ಅಧಿಕಾರಿ ವಿಚಾರಣೆಯಲ್ಲಿ ಸಾಕ್ಷ್ಯ ಕೇಳಬಹುದು.

ಈ ವಿವರಗಳೆಲ್ಲ ಕೊನೆಗೆ ಸೇರುವುದು ಫಾರ್ಮ್ 12ಬಿಬಿಯಲ್ಲಿ. 2016ರ ಜೂನ್‌ನಿಂದ ಜಾರಿಯಲ್ಲಿರುವ ಈ ನಮೂನೆಯ ಮೊದಲ ಅಂಶವೇ ಎಚ್‌ಆರ್‌ಎ: ಕಟ್ಟಿದ ಬಾಡಿಗೆ, ಮಾಲೀಕರ ಹೆಸರು, ವಿಳಾಸ, ಪಾನ್. ಕೆಳಗೆ ಉದ್ಯೋಗಿಯ ಘೋಷಣೆ ಮತ್ತು ಸಹಿ ಇರುತ್ತದೆ. ಮಾಹಿತಿ ತಪ್ಪಾದರೆ ಉತ್ತರ ಕೊಡಬೇಕಾದವರು ಸಹಿ ಹಾಕಿದ ಉದ್ಯೋಗಿ.

ಪಾನ್ ಕೊಡದ ಮಾಲೀಕರು

ವರ್ಷದ ಬಾಡಿಗೆ 1 ಲಕ್ಷ ರೂ. ಮೀರಿದರೆ ಮಾಲೀಕರ ಪಾನ್ ಕೊಡಲೇಬೇಕು. ಕೇಂದ್ರ ನೇರ ತೆರಿಗೆ ಮಂಡಳಿಯ 2013ರ ಸುತ್ತೋಲೆಯಿಂದ ಈ ಮಿತಿ ನಡೆದುಬಂದಿದೆ. ತಿಂಗಳಿಗೆ ಹಂಚಿದರೆ ಇದು 8,333 ರೂ. ಬಾಡಿಗೆ ರಸೀದಿಗಳಲ್ಲಿ 8,300 ರೂ. ಎಂಬ ಮೊತ್ತ ಅಷ್ಟೊಂದು ಕಾಣಿಸುವುದಕ್ಕೆ ಇದೇ ಕಾರಣ. ಪಾನ್ ಕೇಳಿ ಮಾಲೀಕರನ್ನು ಎದುರು ಹಾಕಿಕೊಳ್ಳುವುದೇಕೆಂದು 15,000 ಕಟ್ಟುವವರೂ 8,300ಕ್ಕೆ ರಸೀದಿ ಬರೆಸುತ್ತಾರೆ. ಬೇಸಿಕ್ 40,000 ಇರುವವರಿಗೆ ಇದರಿಂದ ಆಗುವ ನಷ್ಟ ಸಣ್ಣದಲ್ಲ. 15,000ದ ಮೇಲೆ ಸಿಗಬೇಕಿದ್ದ 11,000 ರೂ. ವಿನಾಯಿತಿ 4,300ಕ್ಕೆ ಇಳಿಯುತ್ತದೆ.

ಮಾಲೀಕರು ಪಾನ್ ಕೊಡಲು ಹಿಂಜರಿಯುವುದು ತೆರಿಗೆ ಬೀಳುತ್ತದೆಂಬ ಭಯಕ್ಕೆ. ಬಹಳ ಸಲ ಆ ಭಯಕ್ಕೆ ಲೆಕ್ಕದ ಆಧಾರ ಇರುವುದಿಲ್ಲ. ವರ್ಷಕ್ಕೆ 3,60,000 ಬಾಡಿಗೆ ಬಂದರೆ ಕಟ್ಟಿದ ಆಸ್ತಿ ತೆರಿಗೆ ಕಳೆದು, ಮೇಲೆ ಶೇ. 30 ಕಡಿತವೂ ಸಿಗುತ್ತದೆ. ಆಸ್ತಿ ತೆರಿಗೆಯನ್ನು ಬದಿಗಿಟ್ಟರೂ ಆದಾಯವೆಂದು ಉಳಿಯುವುದು 2,52,000. ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ಪಿಂಚಣಿ, ಬ್ಯಾಂಕ್ ಬಡ್ಡಿ ಸೇರಿ ಒಟ್ಟು 12 ಲಕ್ಷದೊಳಗಿರುವ ನಿವಾಸಿ ಮಾಲೀಕರು ರಿಟರ್ನ್ ಸಲ್ಲಿಸಿದರೆ ರಿಬೇಟ್‌ನಿಂದ ತೆರಿಗೆ ಸೊನ್ನೆಯಾಗುತ್ತದೆ. ನಿವೃತ್ತ ಮಾಲೀಕರಿಗೆ ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ತೋರಿಸಿದ ಬಾಡಿಗೆದಾರರಿಗೆ ಪಾನ್ ಸಿಗುವ ಸಂಭವ ಹೆಚ್ಚು. ಕರಾರು ಬರೆಯುವ ದಿನವೇ ಅದರಲ್ಲಿ ಪಾನ್ ನಮೂದಿಸುವುದು ಇನ್ನೂ ಸುಲಭ. ಅಡ್ವಾನ್ಸ್ ಕೊಟ್ಟಾದ ಮೇಲೆ, ಅದೂ ಜನವರಿಯಲ್ಲಿ ಕೇಳಿದರೆ ಮಾತು ಕಷ್ಟವಾಗುತ್ತದೆ.

ಮಾಲೀಕರಿಗೆ ಪಾನ್ ನಿಜವಾಗಿ ಇಲ್ಲದಿದ್ದರೆ, ಹಾಗೆಂದು ಅವರೇ ಹೆಸರು ವಿಳಾಸ ಸಹಿತ ಬರೆದು ಸಹಿ ಮಾಡಿದ ಘೋಷಣೆಯನ್ನು ಕಚೇರಿಗೆ ಕೊಡಬಹುದು. ಪಾನ್ ಇದ್ದೂ ಕೊಡದವರಿಗೆ ಇದು ದಾರಿಯಲ್ಲ. ಎಲ್ಲಿಂದಲೋ ಸಿಕ್ಕ ಪಾನ್ ಹಾಕುವುದಂತೂ ನೇರ ಅಪಾಯ. ಆ ಪಾನ್‌ನವರು ತಮ್ಮ ಹೆಸರಿನಲ್ಲಿ ಕಾಣಿಸಿದ ಬಾಡಿಗೆ ತಮ್ಮದಲ್ಲವೆಂದು ಹೇಳಿದ ಕ್ಷಣ ಪ್ರಶ್ನೆ ಬಾಡಿಗೆದಾರರ ಕಡೆ ತಿರುಗುತ್ತದೆ. ಗಂಡ ಹೆಂಡತಿ ಇಬ್ಬರೂ ಮನೆಯ ಜಂಟಿ ಮಾಲೀಕರಾಗಿದ್ದರೆ ಬಾಡಿಗೆ ಯಾರ ಖಾತೆಗೆ ಯಾವ ಪಾಲಿನಲ್ಲಿ ಹೋಗುತ್ತದೋ ಅದರಂತೆ ಇಬ್ಬರ ಪಾನ್ ಕೂಡ ಕೊಡುವುದು ಸರಿ.

50,000 ದಾಟಿದರೆ

ತಿಂಗಳ ಬಾಡಿಗೆ 50,000 ಮೀರಿದ ಕೂಡಲೇ ಬಾಡಿಗೆದಾರರಿಗೆ ಇನ್ನೊಂದು ಕರ್ತವ್ಯ ಸೇರುತ್ತದೆ. 194-ಐಬಿ ಕಲಮಿನ ಪ್ರಕಾರ ಅವರೇ ಮಾಲೀಕರ ಬಾಡಿಗೆಯಲ್ಲಿ ಟಿಡಿಎಸ್ ಹಿಡಿಯಬೇಕು. 2017ರ ಜೂನ್‌ನಿಂದ ಶೇ. 5 ಇದ್ದ ದರ 2024ರ ಅಕ್ಟೋಬರ್ 1ರಿಂದ ಶೇ. 2 ಆಗಿದೆ. ಪ್ರತಿ ತಿಂಗಳೂ ಹಿಡಿಯಬೇಕಿಲ್ಲ, ವರ್ಷಕ್ಕೊಮ್ಮೆ ಮಾರ್ಚ್‌ನಲ್ಲಿ ಅಥವಾ ಮನೆ ಬಿಡುವ ಕೊನೆಯ ತಿಂಗಳಲ್ಲಿ ಸಾಕು. ಇಂದಿರಾನಗರದಲ್ಲಿ 55,000 ಕಟ್ಟುವ ಕುಟುಂಬಕ್ಕೆ ವರ್ಷದ ಬಾಡಿಗೆ 6,60,000, ಟಿಡಿಎಸ್ 13,200. ಮಾರ್ಚ್ ಬಾಡಿಗೆಯಲ್ಲಿ ಅದನ್ನು ಹಿಡಿದು ಮಾಲೀಕರಿಗೆ 41,800 ಕೊಡಬೇಕು. ಹಿಡಿದ ಹಣವನ್ನು ಫಾರ್ಮ್ 26ಕ್ಯೂಸಿ ಮೂಲಕ ಏಪ್ರಿಲ್ 30ರೊಳಗೆ ಆನ್‌ಲೈನ್‌ನಲ್ಲಿ ಕಟ್ಟಿ, ನಂತರ ಹದಿನೈದು ದಿನದಲ್ಲಿ ಮಾಲೀಕರಿಗೆ ಫಾರ್ಮ್ 16ಸಿ ಕೊಡಬೇಕು. ಇದಕ್ಕೆ ಟ್ಯಾನ್ ಸಂಖ್ಯೆ ಬೇಡ, ಇಬ್ಬರ ಪಾನ್ ಸಾಕು. ತಡವಾದರೆ ದಿನಕ್ಕೆ 200 ರೂ. ಶುಲ್ಕ, ಜೊತೆಗೆ ಬಡ್ಡಿ. ಎಚ್‌ಆರ್‌ಎಗೆ 55,000 ತೋರಿಸಿ 26ಕ್ಯೂಸಿ ಸಲ್ಲಿಸದವರನ್ನು ಗಣಕಯಂತ್ರವೇ ಪತ್ತೆ ಹಚ್ಚಬಲ್ಲದು, ಎರಡೂ ಮಾಹಿತಿ ಇಲಾಖೆಯ ಬಳಿಯೇ ಇರುತ್ತದಲ್ಲ.

ಮಾಲೀಕರು ಅಮೆರಿಕದಲ್ಲೋ ದುಬೈಯಲ್ಲೋ ನೆಲೆಸಿದ ಅನಿವಾಸಿಗಳಾದರೆ ಕಥೆಯೇ ಬೇರೆ. ಆಗ 50,000ದ ಮಿತಿ ಅನ್ವಯಿಸುವುದಿಲ್ಲ. 195ನೇ ಕಲಮಿನಡಿ ಮೊದಲ ರೂಪಾಯಿಯಿಂದಲೇ, ಪ್ರತಿ ಪಾವತಿಯಲ್ಲೂ, ಸಾಮಾನ್ಯವಾಗಿ ಸೆಸ್ ಸೇರಿ ಶೇ. 31.2 ಹಿಡಿಯಬೇಕು. ಟ್ಯಾನ್ ಬೇಕು, ಮೂರು ತಿಂಗಳಿಗೊಮ್ಮೆ 27ಕ್ಯೂ ವಿವರಣೆಯೂ ಬೇಕು. ಮಾಲೀಕರು ಇಲಾಖೆಯಿಂದ ಕಡಿಮೆ ದರದ ಪ್ರಮಾಣಪತ್ರ ತಂದರೆ ಆ ದರಕ್ಕೆ ಇಳಿಯಬಹುದು. ಬಾಡಿಗೆಯನ್ನು ಎನ್‌ಆರ್‌ಒ ಖಾತೆಗೆ ಹಾಕಿ ಎಂದು ಮಾಲೀಕರು ಹೇಳಿದರೆ ಅದೇ ಸುಳಿವು. ಮನೆಯ ವ್ಯವಹಾರವನ್ನು ಇಲ್ಲಿನ ಅಣ್ಣನೋ ಬ್ರೋಕರೋ ನೋಡಿಕೊಳ್ಳುತ್ತಿದ್ದರೂ ಕರಾರಿನಲ್ಲಿ ಮಾಲೀಕರ ವಿಳಾಸ ಎಲ್ಲಿಯದೆಂದು ಓದಿ ನೋಡುವುದು ಒಳ್ಳೆಯದು.

ಅಪ್ಪನಿಗೆ ಬಾಡಿಗೆ, ಅಮ್ಮನಿಗೆ ಬಾಡಿಗೆ

ತಂದೆ ಅಥವಾ ತಾಯಿಯ ಹೆಸರಿನ ಮನೆಯಲ್ಲಿದ್ದು ಅವರಿಗೆ ಬಾಡಿಗೆ ಕೊಟ್ಟು ಎಚ್‌ಆರ್‌ಎ ಪಡೆಯುವುದನ್ನು ಕಾಯ್ದೆ ತಡೆಯುವುದಿಲ್ಲ. ಕಾಯ್ದೆ ತಡೆಯುವುದು ಎರಡನ್ನು: ಮನೆ ಉದ್ಯೋಗಿಯದ್ದೇ ಆಗಿರಬಾರದು, ಬಾಡಿಗೆ ನಿಜವಾಗಿ ಖರ್ಚಾಗದೆ ಇರಬಾರದು. ಮನೆ ತಂದೆ ಮತ್ತು ಮಗನ ಜಂಟಿ ಹೆಸರಿನಲ್ಲಿದ್ದರೆ ಮಗ ತನ್ನದೇ ಮನೆಗೆ ಬಾಡಿಗೆ ಕಟ್ಟಿದಂತಾಗಿ ಕ್ಲೇಮಿಗೆ ತೊಡಕು ಶುರುವಾಗುತ್ತದೆ. ಆದ್ದರಿಂದ ಮೊದಲು ಖಾತಾ ನೋಡಬೇಕು.

ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಗೆರೆ ಎಲ್ಲಿದೆ ಎಂಬುದು ಗೊತ್ತಾಗುತ್ತದೆ. 2013ರಲ್ಲಿ ಅಹಮದಾಬಾದ್ ಪೀಠದ ಮುಂದೆ ಬಂದ ಪ್ರಕರಣದಲ್ಲಿ ಪತಿ ತನ್ನ ಪತ್ನಿಯ ಮನೆಗೆ ಬಾಡಿಗೆ ಕಟ್ಟಿದ್ದರು. ಅಧಿಕಾರಿ ಒಪ್ಪಲಿಲ್ಲ, ಪೀಠ ಒಪ್ಪಿತು. 2017ರಲ್ಲಿ ಮುಂಬೈ ಪೀಠದ ಮುಂದೆ ಬಂದದ್ದು ತಾಯಿಗೆ ಬಾಡಿಗೆ ಕೊಟ್ಟೆನೆಂದ ಮಗಳ ಪ್ರಕರಣ. ಬಾಡಿಗೆ ನಗದಿನಲ್ಲಿ ಕೊಟ್ಟದ್ದೆಂದು ಆಕೆ ಹೇಳಿದರು. ಆದರೆ ಆ ಹಣ ಬ್ಯಾಂಕಿನಿಂದ ಬಂದ ಗುರುತಿರಲಿಲ್ಲ, ಆಕೆ ಆ ಮನೆಯಲ್ಲಿ ವಾಸವಿದ್ದರೆಂದು ತೋರಿಸುವ ದಾಖಲೆ ನಿಲ್ಲಲಿಲ್ಲ, ಪತಿ ಮತ್ತು ಮಗಳೊಂದಿಗೆ ಅವರದೇ ಮನೆಯೊಂದು ಬೇರೆ ಇತ್ತು. ರಸೀದಿ ಇದ್ದೂ ಕ್ಲೇಮು ಬಿದ್ದಿತು. ಎರಡರಲ್ಲೂ ಸಂಬಂಧ ಹತ್ತಿರದ್ದೇ. ಫಲಿತಾಂಶ ಬೇರೆಯಾದದ್ದು ಪಾವತಿ ಮತ್ತು ವಾಸದ ಸಾಕ್ಷ್ಯದಿಂದ.

ಹೀಗಾಗಿ ಜಯನಗರದಲ್ಲಿ ಅಮ್ಮನ ಮನೆಯ ಮೇಲಂತಸ್ತಿನಲ್ಲಿರುವ ಮಗಳು ಆ ಭಾಗಕ್ಕೆ ಅಕ್ಕಪಕ್ಕದ ದರದ ಬಾಡಿಗೆ ನಿಗದಿ ಮಾಡಿ, ಸರಳ ಕರಾರು ಬರೆದು, ಪ್ರತಿ ತಿಂಗಳು ಅಮ್ಮನ ಖಾತೆಗೆ ಹಣ ಹಾಕಬೇಕು. ಅಮ್ಮ ಆ ಬಾಡಿಗೆಯನ್ನು ತಮ್ಮ ಆದಾಯವೆಂದು ರಿಟರ್ನ್‌ನಲ್ಲಿ ತೋರಿಸಬೇಕು. ಬಂದ ಬಾಡಿಗೆಯನ್ನು ಅಮ್ಮ ಮರುವಾರವೇ ಮಗಳ ಖಾತೆಗೆ ವಾಪಸು ಹಾಕಿದರೆ ಈ ಏರ್ಪಾಡೆಲ್ಲ ಕಾಗದದ ಮೇಲಿನ ಆಟವೆಂದು ಬ್ಯಾಂಕ್ ಸ್ಟೇಟ್‌ಮೆಂಟೇ ಹೇಳುತ್ತದೆ. ಬೇರೆ ಊರಿನಲ್ಲಿ ಸ್ವಂತ ಮನೆಯಿದ್ದು ಅದರ ಸಾಲದ ಬಡ್ಡಿ ಕಟ್ಟುತ್ತ, ಕೆಲಸದ ಊರಿನಲ್ಲಿ ಬಾಡಿಗೆಗಿರುವವರು ಮಾತ್ರ ಹೆದರಬೇಕಿಲ್ಲ. ಅವರು ಎಚ್‌ಆರ್‌ಎ ಮತ್ತು ಬಡ್ಡಿಯ ಕಡಿತ ಎರಡನ್ನೂ ಪಡೆಯಬಹುದು.

ತಾಳೆಯಾಗದಿದ್ದಾಗ

2024ರ ಏಪ್ರಿಲ್ 8ರಂದು ಕೇಂದ್ರ ನೇರ ತೆರಿಗೆ ಮಂಡಳಿ ಒಂದು ಸ್ಪಷ್ಟನೆ ಕೊಟ್ಟಿತು. 2020-21ರ ಕೆಲವು ಪ್ರಕರಣಗಳಲ್ಲಿ ಉದ್ಯೋಗಿ ತೋರಿಸಿದ ಬಾಡಿಗೆ ಮತ್ತು ಮಾಲೀಕರಿಗೆ ಸಂದ ಬಾಡಿಗೆಯ ನಡುವೆ ವ್ಯತ್ಯಾಸ ಕಂಡಿದ್ದು ನಿಜ, ಆದರೆ ಎಲ್ಲ ಎಚ್‌ಆರ್‌ಎ ಪ್ರಕರಣಗಳನ್ನೂ ಮತ್ತೆ ತೆರೆಯುವ ವಿಶೇಷ ಅಭಿಯಾನ ಇಲ್ಲ ಎಂದಿತು. ಮರುವರ್ಷ, 2025ರ ಜುಲೈ 14ರಂದು, ಸುಳ್ಳು ಕಡಿತಗಳನ್ನು ತೋರಿಸಿ ರಿಟರ್ನ್ ಸಲ್ಲಿಸಿಕೊಡುವ ಮಧ್ಯವರ್ತಿಗಳ ವಿರುದ್ಧ ದೇಶದ 150 ಕಡೆ ಪರಿಶೀಲನೆ ನಡೆಯಿತು. ದುರ್ಬಳಕೆಯಾದ ಕಲಮುಗಳ ಪಟ್ಟಿಯಲ್ಲಿ 10(13ಎ) ಕೂಡ ಇತ್ತು. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ತೆರಿಗೆದಾರರು ತಾವಾಗಿಯೇ ರಿಟರ್ನ್ ತಿದ್ದಿ 1,045 ಕೋಟಿ ರೂ. ಮೊತ್ತದ ಸುಳ್ಳು ಕ್ಲೇಮುಗಳನ್ನು ಹಿಂದೆಗೆದುಕೊಂಡಿದ್ದರೆಂದು ಇಲಾಖೆ ಹೇಳಿತು. ಅದೇ ವರ್ಷ ರಿಟರ್ನ್ ಸಲ್ಲಿಸುವಾಗ ಎಚ್‌ಆರ್‌ಎ ಮೊತ್ತ ಬರೆದರೆ ಸಾಲದೆ ಕೆಲಸದ ಊರು, ಬೇಸಿಕ್, ಪಡೆದ ಭತ್ಯೆ, ಕಟ್ಟಿದ ಬಾಡಿಗೆ ಪ್ರತ್ಯೇಕವಾಗಿ ತುಂಬುವ ಅಂಕಣಗಳೂ ಬಂದವು.

ಪ್ರಾಮಾಣಿಕವಾಗಿ ಬಾಡಿಗೆ ಕಟ್ಟಿ, ಕಚೇರಿಯ ಗಡುವು ಮಾತ್ರ ತಪ್ಪಿಸಿಕೊಂಡವರಿಗೆ ನಷ್ಟವಿಲ್ಲ. ಫಾರ್ಮ್ 16ರಲ್ಲಿ ವಿನಾಯಿತಿ ಕಾಣದಿದ್ದರೂ ಹಳೆಯ ಪದ್ಧತಿ ಆಯ್ದು ರಿಟರ್ನ್‌ನಲ್ಲಿ 10(13ಎ) ಅಡಿ ಅದನ್ನು ತೋರಿಸಿ ಹೆಚ್ಚುವರಿ ಟಿಡಿಎಸ್ ವಾಪಸು ಪಡೆಯಬಹುದು. ಫಾರ್ಮ್ 16ಕ್ಕೂ ರಿಟರ್ನ್‌ಗೂ ವ್ಯತ್ಯಾಸ ಬರುವುದರಿಂದ ಇಲಾಖೆ ವಿವರ ಕೇಳಬಹುದು. ಕರಾರು, ಹನ್ನೆರಡು ಪಾವತಿಗಳನ್ನು ಗುರುತು ಮಾಡಿದ ಬ್ಯಾಂಕ್ ಸ್ಟೇಟ್‌ಮೆಂಟ್, ರಸೀದಿಗಳು, ಮಾಲೀಕರ ಪಾನ್ ಇವನ್ನೆಲ್ಲ ಆಗ ಕೊಡಬೇಕಾಗುತ್ತದೆ. ರಿಟರ್ನ್ ಜೊತೆ ಇವನ್ನು ಲಗತ್ತಿಸುವುದಿಲ್ಲ, ಆದರೆ ಕೆಲವು ವರ್ಷ ಜೋಪಾನವಾಗಿ ಇಟ್ಟುಕೊಳ್ಳಬೇಕು.

ಸುಳ್ಳು ಕ್ಲೇಮಿನ ಬೆಲೆಯನ್ನು ಮೊದಲಿನ ಉದಾಹರಣೆಯಲ್ಲೇ ಅಳೆಯಬಹುದು. 15 ಲಕ್ಷದ ಉದ್ಯೋಗಿ ಬಾಡಿಗೆಯೇ ಕಟ್ಟದೆ 2,85,000 ತೋರಿಸಿ ಸಿಕ್ಕಿಬಿದ್ದರೆ ಹಳೆಯ ಪದ್ಧತಿಯಲ್ಲಿ ಹೆಚ್ಚುವರಿ ತೆರಿಗೆ 82,420 ರೂ. ಸುಳ್ಳು ದಾಖಲೆಯಿಂದ ಆದಾಯ ಮರೆಮಾಚಿದ್ದೆಂದು ತೀರ್ಮಾನವಾದರೆ 270ಎ ಕಲಮಿನಡಿ ತೆರಿಗೆಯ ಎರಡು ಪಟ್ಟು ದಂಡ, ಅಂದರೆ ಸುಮಾರು 1.65 ಲಕ್ಷ, ಮೇಲೆ ಬಡ್ಡಿ. ತಪ್ಪು ಮೊದಲೇ ಅರಿವಾದರೆ ಗಡುವಿನೊಳಗೆ ಪರಿಷ್ಕೃತ ರಿಟರ್ನ್ ಸಲ್ಲಿಸುವುದು ಅಗ್ಗದ ದಾರಿ. ಗಡುವು ಮೀರಿದ್ದರೆ ಅಪ್‌ಡೇಟೆಡ್ ರಿಟರ್ನ್ ಇದೆ. ಮೊದಲ ಹನ್ನೆರಡು ತಿಂಗಳಲ್ಲಿ ಸಲ್ಲಿಸಿದರೆ ತೆರಿಗೆ ಮತ್ತು ಬಡ್ಡಿಯ ಮೇಲೆ ಶೇ. 25 ಹೆಚ್ಚುವರಿ, ತಡವಾದಷ್ಟೂ ಅದು ಏರುತ್ತ ಹೋಗುತ್ತದೆ.

1961ರ ಕಾಯ್ದೆಯ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯ್ದೆ ಬರುವುದು 2026ರ ಏಪ್ರಿಲ್ 1ರಿಂದ. ಅಲ್ಲಿಂದ ಮುಂದಿನ ಬಾಡಿಗೆಗೆ ಕಲಮುಗಳ ಸಂಖ್ಯೆ, ನಮೂನೆಗಳ ಹೆಸರು, ಶೇ. 50ರ ನಗರಗಳ ಪಟ್ಟಿ ಇವನ್ನು ಹೊಸ ನಿಯಮಗಳಲ್ಲೇ ನೋಡಿಕೊಳ್ಳಬೇಕು. 2025-26ರ ಬಾಡಿಗೆಗೆ ಮಾತ್ರ, ರಿಟರ್ನ್ 2026ರ ಜುಲೈಯಲ್ಲಿ ಹೋದರೂ, ಹಳೆಯ ಕಾಯ್ದೆಯ ಮೇಲಿನ ಲೆಕ್ಕವೇ ಅನ್ವಯಿಸುತ್ತದೆ. ಏಪ್ರಿಲ್‌ನಲ್ಲಿ ಹೊಸ ಕರಾರು ಬರೆಸುವವರು ಅದರಲ್ಲಿ ಮಾಲೀಕರ ಪಾನ್, ಬಾಡಿಗೆ ಹೋಗಬೇಕಾದ ಖಾತೆ ಸಂಖ್ಯೆ, ಮೇಂಟೆನೆನ್ಸ್ ಬಿಟ್ಟ ಬಾಡಿಗೆಯ ಮೊತ್ತ ಈ ಮೂರನ್ನೂ ನಮೂದಿಸಿಕೊಂಡರೆ ಮುಂದಿನ ಜನವರಿಯ ಇಮೇಲ್‌ಗೆ ಬೇಕಾದ ವಿವರಗಳಲ್ಲಿ ಬಹುಪಾಲು ಆ ಹಾಳೆಯಲ್ಲೇ ಸಿಗುತ್ತವೆ.